ಕೊಕ್ಕೆ ಹಾಕಲು ಕಲಿಸಿದ ಗೆಳತಿಗೆ

ಎಲ್ಲರಿಗೂ ನಮಸ್ಕಾರ. ನಾನು ಸ್ಮಿತಾ, ಮದುಮಗಳು ವಿದ್ಯಾಳ ಹಾಸ್ಟೆಲ್ ಗೆಳತಿ. ಈ ಹೊತ್ತಿಗೆ ನಾನು ಶಿರಸಿಯಲ್ಲಿ, ಅವಳ ಸೆರಗು ಸರಿಪಡಿಸುತ್ತ ನಿಂತಿರಬೇಕಿತ್ತು. ನನಗೀಗ ಒಂಬತ್ತನೇ ತಿಂಗಳು, ದೂರದ ಪ್ರಯಾಣ ಬೇಡವೇ ಬೇಡ ಎಂದು ಡಾಕ್ಟರು ಹೇಳಿದ್ದಾರೆ. ಹಾಗಾಗಿ ಧಾರವಾಡದ ನಮ್ಮ ಮನೆಯ ಕಿಟಕಿಯ ಪಕ್ಕದಲ್ಲಿ ಕುಳಿತು, ಮದುವೆಗೆಂದೇ ತೆಗೆದಿಟ್ಟ ಇಳಕಲ್ ಸೀರೆಯುಟ್ಟು ಮಾತನಾಡುತ್ತಿದ್ದೇನೆ. ವಿದ್ಯಾ, ಸೀರೆ ನೋಡಿದೆಯಲ್ಲ? ನೀನೇ ಆರಿಸಿದ್ದು.

ಪ್ರಸನ್ನ ಅವರೇ, ಇವತ್ತಿನಿಂದ ನೀವು ನನಗೆ ಭಾವ. ಆ ಸಲುಗೆಯಿಂದ ಎರಡು ಗುಟ್ಟು ಹೇಳುತ್ತೇನೆ. ನಿಮ್ಮ ಹೆಂಡತಿ "ಆಯಿತು, ಹೊರಟೆ" ಎಂದರೆ ಚಪ್ಪಲಿ ಮೆಟ್ಟಬೇಡಿ, ಇನ್ನೊಂದು ಲೋಟ ಕಾಫಿ ಕುಡಿಯಿರಿ. ಅವಳಿನ್ನೂ ಬಾಚಣಿಗೆ ಹುಡುಕುತ್ತಿರುತ್ತಾಳೆ. ಇವತ್ತು ಮುಹೂರ್ತಕ್ಕೆ ಸರಿಯಾಗಿ ಮಂಟಪಕ್ಕೆ ಬಂದಳು ಎಂದು ಕೇಳಿದೆ. ಐದು ವರ್ಷ ಅವಳ ಜೊತೆ ಬಸ್ಸಿಗೆ ಓಡಿದ ನನಗೆ ನಿಮ್ಮ ಮೇಲೆ ಅವಳಿಗೆಷ್ಟು ಪ್ರೀತಿ ಇದೆ ಎಂಬುದು ಅಷ್ಟರಿಂದಲೇ ತಿಳಿಯಿತು.

ಎರಡನೆಯ ಗುಟ್ಟು ಉಪ್ಪಿನಕಾಯಿಯದು. ರಜೆ ಮುಗಿಸಿ ಬರುವಾಗ ಆಯಿ ಅವಳಿಗೆ ಒಂದು ಭರಣಿ ಅಪ್ಪೆಮಿಡಿ ಕಟ್ಟಿ ಕಳಿಸುತ್ತಿದ್ದರು. ಮುಚ್ಚಳ ತೆಗೆದರೆ ಇಡೀ ಕಾರಿಡಾರಿಗೆ ಪರಿಮಳ. ಆದರೆ ಈ ಪುಣ್ಯಾತ್ಗಿತ್ತಿ ಮಿಡಿಗಳನ್ನು ಎಣಿಸಿಡುತ್ತಿದ್ದಳು! ಟ್ರಂಕಿನ ಮುಚ್ಚಳದ ಒಳಮೈಯಲ್ಲಿ ಪೆನ್ಸಿಲ್ಲಿನ ಗೀಟು: ಒಂದು ಮಿಡಿ ಖಾಲಿಯಾದರೆ ಒಂದು ಗೀಟು. ತಲೆಗೆ ವಾರಕ್ಕೆ ಎರಡು, ಅದಕ್ಕಿಂತ ಹೆಚ್ಚು ಕೇಳಿದರೆ "ಸೆಮಿಸ್ಟರ್ ಮುಗಿಯುವವರೆಗೆ ಬರಬೇಕಲ್ಲ" ಎಂಬ ಉತ್ತರ. ಆಯಿ, ನಿಮ್ಮ ಮಗಳು ನಿಮ್ಮ ಒಂದು ಮಿಡಿಯನ್ನೂ ಹಾಳು ಮಾಡಿದವಳಲ್ಲ.

ಈಗ ನಡೆದದ್ದೊಂದನ್ನು ಹೇಳುತ್ತೇನೆ. ಮೂರನೇ ಸೆಮಿಸ್ಟರಿನಲ್ಲಿ ನಾನು ಗಣಿತದಲ್ಲಿ ಫೇಲಾದೆ. ಮನೆಯಲ್ಲಿ ಸಾಲ ಮಾಡಿ ಓದಿಸುತ್ತಿದ್ದರು. ಊರಿಗೆ ಫೋನು ಮಾಡುವ ಧೈರ್ಯ ಬರಲಿಲ್ಲ. ಎರಡು ದಿನ ಊಟಕ್ಕೆ ಇಳಿಯದೆ ಗೋಡೆಗೆ ಮುಖ ಮಾಡಿ ಮಲಗಿದ್ದೆ. ಎರಡನೆಯ ರಾತ್ರಿ ವಿದ್ಯಾ ಮೆಸ್ಸಿನಿಂದ ತಟ್ಟೆಯಲ್ಲಿ ಮೊಸರನ್ನ ತಂದಳು. ಸಮಾಧಾನದ ಒಂದು ಮಾತನ್ನೂ ಆಡಲಿಲ್ಲ. ಭರಣಿ ತೆರೆದು ಒಂದು ಮಿಡಿ ಹಾಕಿದಳು, ಇನ್ನೊಂದು ಹಾಕಿದಳು, ಮತ್ತೊಂದು ಹಾಕಿದಳು. ಆಮೇಲೆ ಭರಣಿಯನ್ನೇ ನನ್ನ ಮಂಚದ ಕೆಳಗೆ ಇಟ್ಟು ಮಲಗಿದಳು. ಆ ರಾತ್ರಿ ಟ್ರಂಕಿನ ಮುಚ್ಚಳದ ಮೇಲೆ ಒಂದು ಗೀಟೂ ಬೀಳಲಿಲ್ಲ.

ಮರುದಿನ ಬೆಳಗಿನ ಐದಕ್ಕೆ ಯಾರೋ ನನ್ನನ್ನು ಅಲುಗಾಡಿಸಿದರು. ಎಂಟಾದರೂ ಏಳದ ವಿದ್ಯಾ! ಕಂಬಳಿ ಹೊದ್ದು, ನನ್ನ ನೋಟ್‌ಬುಕ್ ಹಿಡಿದು ಕುಳಿತಿದ್ದಳು. ಅವಳು ಬಿ.ಎ. ಕನ್ನಡದ ಹುಡುಗಿ, ಗಣಿತ ಎಸ್ಸೆಸ್ಸೆಲ್ಸಿಗೇ ಮುಗಿದಿತ್ತು. ನಾನು ಲೆಕ್ಕ ಬಿಡಿಸಿ ಹಾಳೆ ಕೊಟ್ಟರೆ, ನೋಟ್‌ಬುಕ್ಕಿನ ಪಕ್ಕದಲ್ಲಿಟ್ಟು ಒಂದೊಂದೇ ಅಕ್ಷರ ತಾಳೆ ನೋಡುವಳು. "ಇಲ್ಲಿ ಒಂದು ಉದ್ದನೆಯ ಕೊಕ್ಕೆ ಇದೆ ನೋಡು, ನೀನು ಹಾಕಿಲ್ಲ" ಎನ್ನುವಳು. ಅದು ಇಂಟಿಗ್ರೇಷನ್ ಚಿಹ್ನೆ. ಪರೀಕ್ಷೆ ಬರುವವರೆಗೂ, ಧಾರವಾಡದ ಜಿಟಿಜಿಟಿ ಮಳೆಯಲ್ಲೂ, ಒಂದು ಬೆಳಗನ್ನೂ ತಪ್ಪಿಸದೆ ಅವಳು ನನ್ನ ಕೊಕ್ಕೆಗಳನ್ನು ಕಾದಳು. ನಾನು ಪಾಸಾದೆ.

ಇವತ್ತು ನಾನು ಪಿಯು ಕಾಲೇಜಿನಲ್ಲಿ ಅದೇ ಗಣಿತ ಕಲಿಸುತ್ತೇನೆ. ಬೋರ್ಡಿನ ಮೇಲೆ ಆ ಕೊಕ್ಕೆ ಎಳೆಯುವಾಗಲೆಲ್ಲ ಕಂಬಳಿಯೊಳಗಿನ ಆ ನಿದ್ದೆಗಣ್ಣಿನ ಮುಖ ಎದುರಿಗೆ ಬರುತ್ತದೆ. ಭಾವ, ನಿಮ್ಮ ಮನೆಗೆ ಬಂದವಳು ಇವಳು. ನಿಮಗೆ ಕಷ್ಟ ಬಂದ ದಿನ ಹೆಚ್ಚು ಮಾತಾಡುವುದಿಲ್ಲ, ಐದಕ್ಕೆ ಎದ್ದು ಪಕ್ಕದಲ್ಲಿ ಕುಳಿತಿರುತ್ತಾಳೆ. ಅವಳಿಗೆ ಕಷ್ಟ ಬಂದ ದಿನ ನೀವೂ ಹಾಗೆಯೇ ಕುಳಿತುಕೊಳ್ಳಿ. ಮೊಸರನ್ನವಿದ್ದರೆ ಸಾಕು.

ವಿದ್ಯಾ, ಪ್ರಸನ್ನ ಭಾವ, ನೀವಿಬ್ಬರೂ ಅನ್ಯೋನ್ಯವಾಗಿ ನೂರು ಕಾಲ ಬಾಳಿ. ಬಂದವರಿಗೆ ಬಡಿಸುವಷ್ಟು ನಿಮ್ಮ ಮನೆಯಲ್ಲಿ ಸದಾ ಇರಲಿ. ಜಗಳ ಬಂದರೆ ಊಟದ ಹೊತ್ತಿಗೆ ಮುಗಿಯಲಿ. ಮಿಡಿ ಉಪ್ಪಿನಕಾಯಿ ವರ್ಷ ಕಳೆದಷ್ಟೂ ರುಚಿಗಟ್ಟುವ ಹಾಗೆ ನಿಮ್ಮ ಒಲವೂ ಮಾಗಲಿ. ನನ್ನ ಕಡೆಯಿಂದ ದೊಡ್ಡದೊಂದು ಪಿಂಗಾಣಿ ಭರಣಿ ಬಂದಿದೆ, ಅದನ್ನು ತುಂಬಿಸುವುದು ಆಯಿಯ ಕೆಲಸ. ಗೀಟು ಎಳೆಯಬೇಡ ಕಣೇ.

ಇನ್ನೊಂದು ಮಾತು. ಇವತ್ತು ಬೆಳಿಗ್ಗೆ ಅಕ್ಕಿಗೆ ಅರಿಶಿನ, ತುಪ್ಪ ಹಚ್ಚಿ ನಾನೇ ಅಕ್ಷತೆ ಮಾಡಿದ್ದೇನೆ. ಅದು ಕಾಗದದ ಪೊಟ್ಟಣದಲ್ಲಿ ನಮ್ಮ ಯಜಮಾನರ ಅಂಗಿಯ ಕಿಸೆಯಲ್ಲಿದೆ. ರೀ, ಅಲ್ಲೇ ಮುಂದೆ ಕುಳಿತಿದ್ದೀರಲ್ಲ, ಈಗ ಏಳಿ. ವೇದಿಕೆ ಹತ್ತಿ ಇಬ್ಬರ ತಲೆಯ ಮೇಲೂ ಹಾಕಿ. ನನ್ನ ಪಾಲಿನದು ಒಂದು ಹಿಡಿ, ಹೊಟ್ಟೆಯಲ್ಲಿರುವ ಕೂಸಿನದು ನಾಲ್ಕು ಕಾಳು.