ತಮ್ಮಾ, ಮೂರೂ ಮೆಸೇಜ್ ತಿದ್ದಿದ್ದೇನೆ, ಓದಿ ಆಮೇಲೆ ಕಳಿಸು

ರಾತ್ರಿ ಹನ್ನೊಂದೂವರೆಗೆ ಸ್ಕ್ರೀನ್‌ಶಾಟ್ ಮೇಲೆ ಸ್ಕ್ರೀನ್‌ಶಾಟ್ ಹಾಕಿ "ಅಕ್ಕಾ ಹಿಂಗೇ ಕಳಿಸ್ಲಾ" ಅಂತ ಕೇಳಿದ್ದೀಯ. ಕಳಿಸದೇ ಕೇಳಿದ್ದು ಒಳ್ಳೇದಾಯ್ತು. ನಾನು ಆರು ವರ್ಷದಿಂದ ಪರ್ಚೇಸ್‌ನಲ್ಲಿ ಕೂತಿದ್ದೇನೆ. ದಿನಾ ಯಾರಿಗಾದರೂ "ಬೇಡ" ಅನ್ನೋದೇ ನನ್ನ ಕೆಲಸ. ಮೂರು ತಿಂಗಳಾದ ಮೇಲೆ ಅದೇ ಮನುಷ್ಯನಿಗೆ ಫೋನ್ ಮಾಡಿ "ಅರ್ಜೆಂಟ್ ಇದೆ, ನಾಳೆ ಮಾಲು ಕಳಿಸ್ತೀರಾ" ಅಂತ ಕೇಳೋದೂ ನಾನೇ. ಅದಕ್ಕೇ ನಿನ್ನ ಮೆಸೇಜ್ ನೋಡಿ ಮೈ ಉರಿಯಿತು.

ಮೊದಲು ಪೀಣ್ಯದ ಕೆಲಸದ ಆಫರ್ ಬೇಡ ಅನ್ನೋದು. ನೀನು ಬರೆದಿದ್ದು ಇದು:

"ಮೇಡಂ ನಂಗೆ ಬೇರೆ ಕಡೆ ಆಗಿದೆ. ಸೋ ನಿಮ್ದು ಬೇಡ. ಥ್ಯಾಂಕ್ಸ್."

ಸುಳ್ಳಿಲ್ಲ, ಒಪ್ಪಿದೆ. ಆದರೆ ಆ ಮೇಡಂ ನಿನಗೆ ಎರಡು ಸಲ ಫೋನ್ ಮಾಡಿದ್ದಾರೆ, ನೀನು ಬಸ್ಸಲ್ಲಿದ್ದೆ ಅಂತ ಇಂಟರ್‌ವ್ಯೂ ಟೈಮನ್ನೇ ಬದಲಾಯಿಸಿದ್ದಾರೆ. "ನಿಮ್ದು ಬೇಡ" ಅನ್ನೋದು ಸಂತೆಯಲ್ಲಿ ಬದನೆಕಾಯಿ ಕೆಳಗಿಟ್ಟು ಹೋದ ಹಾಗಿದೆ. ಇನ್ನು ಎರಡನೇ ಡ್ರಾಫ್ಟ್, ಅಜ್ಜಿ ತೀರಿಕೊಂಡರು ಅಂತ ಬರೆದಿದ್ದೀಯಲ್ಲ, ಅದನ್ನು ಈ ಕ್ಷಣ ಡಿಲೀಟ್ ಮಾಡು. ಅಜ್ಜಿ ಇಲ್ಲೇ ಪಕ್ಕದಲ್ಲಿ ಕೂತು ಶೇಂಗಾ ಚಟ್ನಿಗೆ ಬೆಳ್ಳುಳ್ಳಿ ಸುಲಿಯುತ್ತಿದ್ದಾರೆ, ಓದಿ ಹೇಳಲಾ? ನಿನ್ನ ಹತ್ತಿರ ನಿಜವಾದ ಕಾರಣವೇ ಇದೆ. ಅಮ್ಮನ ಮೊಣಕಾಲು. ಅದನ್ನು ಬಿಟ್ಟು ಸುಳ್ಳು ಯಾಕೆ ಹುಡುಕಬೇಕು?

ಒಂದು ಮಾತು. ಹರಿಹರದಲ್ಲಿ ಕೆಲಸ ಕೊಟ್ಟವರ ಲೆಟರ್ ನಿನ್ನ ಕೈಗೆ ಬಂದಿದೆಯಾ ಅಥವಾ ಬಾಯಿಮಾತಲ್ಲಿ "ಒಂದನೇ ತಾರೀಕು ಬಾ" ಅಂದಿದ್ದಾರಾ? ಲೆಟರ್ ಬರುವವರೆಗೆ ಕೆಳಗಿನದ್ದನ್ನು ಕಳಿಸಬೇಡ. ಪೀಣ್ಯದವರು ಶುಕ್ರವಾರದವರೆಗೆ ಟೈಮ್ ಕೊಟ್ಟಿದ್ದಾರೆ, ಇವತ್ತು ಬುಧವಾರ. ಬೆಳಿಗ್ಗೆ ಹರಿಹರಕ್ಕೆ ಫೋನ್ ಮಾಡು, ಮೇಲ್‌ನಲ್ಲಿ ಲೆಟರ್ ತರಿಸಿಕೋ, ಆಮೇಲೆ ಇದು:

"ಮೇಡಂ ನಮಸ್ಕಾರ. ಸೋಮವಾರ ಕಳಿಸಿದ ಆಫರ್ ಲೆಟರ್ ಪೂರ್ತಿ ಓದಿದೆ. ಮನೆಯಲ್ಲೂ ಮಾತಾಡಿದೆ. ಈಗ ಈ ಕೆಲಸಕ್ಕೆ ಸೇರಲು ನನಗೆ ಆಗುತ್ತಿಲ್ಲ. ಶುಕ್ರವಾರದವರೆಗೆ ಟೈಮ್ ಇದ್ದರೂ, ನೀವು ಬೇರೆಯವರನ್ನು ಕರೆಯಬೇಕಾದರೆ ಒಂದು ದಿನವಾದರೂ ಸಿಗಲಿ ಅಂತ ಮೊದಲೇ ತಿಳಿಸುತ್ತಿದ್ದೇನೆ. ಅಮ್ಮನಿಗೆ ಮೊಣಕಾಲಿನ ಆಪರೇಷನ್ ಆಗಿದೆ, ಹಾಗಾಗಿ ಒಂದು ವರ್ಷವಾದರೂ ನಾನು ದಾವಣಗೆರೆಯಿಂದಲೇ ಓಡಾಡಬೇಕು. ಹತ್ತಿರದಲ್ಲಿ ಹರಿಹರದಲ್ಲಿ ಒಂದು ಕೆಲಸ ಒಪ್ಪಿಕೊಂಡಿದ್ದೇನೆ. ನಾನು ಬಸ್ಸಿನಲ್ಲಿದ್ದಾಗ ಇಂಟರ್‌ವ್ಯೂ ಟೈಮ್ ಬದಲಾಯಿಸಿ ಕೊಟ್ಟಿರಿ, ಅದನ್ನು ಮರೆಯುವುದಿಲ್ಲ. ಫಿಕ್ಸ್ಚರ್ ಡಿಸೈನ್ ಕೆಲಸ ನನಗೆ ನಿಜವಾಗಿ ಇಷ್ಟವಾಗಿತ್ತು. ಬೆಂಗಳೂರಿಗೆ ಬರುವ ಹಾಗಾದರೆ ನಾನೇ ನಿಮಗೆ ಒಂದು ಮೆಸೇಜ್ ಮಾಡುತ್ತೇನೆ. ಆಗ ಜಾಗ ಇದ್ದರೆ ಮತ್ತೆ ಮೊದಲಿಂದ ಟೆಸ್ಟ್ ಕೊಡಲೂ ತಯಾರು."

ಆಫರ್ ಲೆಟರ್ ಇಂಗ್ಲಿಷ್‌ನಲ್ಲಿ ಬಂದಿದೆ, ಇದನ್ನೂ ಇಂಗ್ಲಿಷ್‌ಗೆ ತಿರುಗಿಸಬೇಕಾ ಅಂತ ಯೋಚಿಸಬೇಡ. ಅವರು ಹುಬ್ಬಳ್ಳಿಯವರು, ನಿನ್ನ ಜೊತೆ ವಾಟ್ಸಾಪ್‌ನಲ್ಲಿ ಕನ್ನಡದಲ್ಲೇ ಮಾತಾಡಿದ್ದಾರೆ. ಲೆಟರ್ ಬಂದ ಮೇಲ್‌ಗೆ ಮಾತ್ರ ಎರಡು ಸಾಲು ಹಾಕು, ಅವರ ಫೈಲಿಗೆ ಬೇಕಾಗುತ್ತದೆ: "ಆಫರ್ ಒಪ್ಪಿಕೊಳ್ಳಲು ಆಗುತ್ತಿಲ್ಲ. ಕಾರಣ ವಾಟ್ಸಾಪ್‌ನಲ್ಲಿ ತಿಳಿಸಿದ್ದೇನೆ, ಧನ್ಯವಾದ." ಸಂಬಳದ ಮಾತು ಎಲ್ಲೂ ಬೇಡ. ನೀನು 27,500 ಬಿಟ್ಟು 24,000ಕ್ಕೆ ಹೋಗುತ್ತಿದ್ದೀಯ ಅಂತ ಹೇಳಿದರೆ ಪಾಪ ಅಂತಾರೆ, ಇಲ್ಲಾ ಇನ್ನೊಂದು ಸಾವಿರ ಸೇರಿಸಿ ಎಳೆಯೋಕೆ ನೋಡ್ತಾರೆ. ಎರಡೂ ನಿನಗೆ ಬೇಕಾಗಿಲ್ಲ.

ಪ್ಲಾಂಟ್ ಮ್ಯಾನೇಜರ್‌ಗೆ ಬೇರೆಯಾಗಿ ಕಳಿಸು. ನಲವತ್ತು ನಿಮಿಷ ನಿನ್ನನ್ನು ಶಾಪ್ ಫ್ಲೋರ್ ಸುತ್ತಿಸಿದರು ಅಂತ ಬಂದು ಊಟದ ಹೊತ್ತಲ್ಲಿ ಕಥೆ ಹೇಳಿದ್ದೆ ಅಲ್ವಾ. ಮುಂದೆ ಕಂಪನಿ ಬದಲಾದರೂ ನಿನ್ನ ನೆನಪು ಇಟ್ಟುಕೊಳ್ಳೋದು ಅವರೇ.

"ಸರ್ ನಮಸ್ಕಾರ. ಮನೆಯ ಪರಿಸ್ಥಿತಿಯಿಂದ ಬೆಂಗಳೂರಿಗೆ ಬರಲು ಆಗುತ್ತಿಲ್ಲ, ಎಚ್‌ಆರ್ ಮೇಡಂಗೆ ತಿಳಿಸಿದ್ದೇನೆ. ಕ್ಲ್ಯಾಂಪ್ ಯಾಕೆ ಆ ಕಡೆಯಿಂದ ಹಿಡಿಯಬೇಕು ಅಂತ ನೀವು ಮಷಿನ್ ಪಕ್ಕ ನಿಂತು ತೋರಿಸಿದ್ದು ಕಾಲೇಜಲ್ಲಿ ನನಗೆ ಯಾರೂ ಹೇಳಿರಲಿಲ್ಲ. ತುಂಬಾ ಥ್ಯಾಂಕ್ಸ್ ಸರ್."

ಇಷ್ಟೇ. "ಟಚ್‌ನಲ್ಲಿರಿ ಸರ್", "ನಿಮ್ಮ ಆಶೀರ್ವಾದ ಇರಲಿ", ಕೈ ಮುಗಿಯೋ ಇಮೋಜಿ ಆರು, ಇವೆಲ್ಲ ಬೇಡ.

ರೆಫರ್ ಮಾಡಿದ್ದು ಚಿತ್ರದುರ್ಗದ ಸೋದರಮಾವ. ಅವರಿಗೆ ಮೆಸೇಜ್ ಅಲ್ಲ, ಫೋನ್. ಅದೂ ಮೇಡಂಗೆ ಕಳಿಸುವುದಕ್ಕೆ ಮುಂಚೆ. ಅವರಿಗೆ ಆ ಕಡೆಯಿಂದ ಗೊತ್ತಾದರೆ ಮುಂದಿನ ಮದುವೆಯಲ್ಲಿ ನಿನ್ನ ಪಂಕ್ತಿ ಬಿಟ್ಟು ಬೇರೆ ಪಂಕ್ತಿಯಲ್ಲಿ ಕೂರುತ್ತಾರೆ, ನೋಡ್ತಿರು.

ಈಗ ನಮ್ಮ ಅಂಗಡಿಯ ರ್ಯಾಕ್‌ಗೆ ಕೊಟೇಷನ್ ಕೊಟ್ಟ ಅಣ್ಣನದು. ಇದಕ್ಕೇ ನನಗೆ ಜಾಸ್ತಿ ಸಿಟ್ಟು ಬಂದಿದ್ದು.

"ಅಣ್ಣಾ ನಿಮ್ ರೇಟ್ ಬಾಳ ಆಯ್ತು. ಬೇರೆಯೋರು 1.58ಕ್ಕೆ ಮಾಡ್ಕೊಡ್ತಾರೆ. ಮುಂದಿನ ಸಲ ನೋಡೋಣ."

ಮೂರೇ ವಾಕ್ಯ, ಮೂರೂ ತಪ್ಪು. "ರೇಟ್ ಬಾಳ ಆಯ್ತು" ಅಂದರೆ ನಮ್ಮ ಕಡೆ ಅದು ಬೇಡ ಅಂತಲ್ಲ, ಚೌಕಾಸಿ ಶುರುವಾಯ್ತು ಅಂತ. ಅವರು ಹತ್ತು ಸಾವಿರ ಇಳಿಸಿ ವಾಪಸ್ ಬರುತ್ತಾರೆ, ಆಗ ಏನು ಹೇಳುತ್ತೀಯ? ಬೇರೆಯವರ ರೇಟನ್ನು ಇವರಿಗೆ ಹೇಳಿದರೆ ನಾಳೆ ಇವರ ರೇಟನ್ನೂ ಇನ್ನೊಬ್ಬರಿಗೆ ಹೇಳುವವನು ನೀನು ಅಂತ ಅವರಿಗೆ ಗೊತ್ತಾಯ್ತು. ಇನ್ನು "ಮುಂದಿನ ಸಲ ನೋಡೋಣ". ಇದನ್ನು ಎಲ್ಲರೂ ಎಲ್ಲರಿಗೂ ಹೇಳುತ್ತಾರೆ, ಯಾರೂ ನೋಡುವುದಿಲ್ಲ.

ಅವರ ಕೊಟೇಷನ್ ನನ್ನ ಮುಂದೆ ಇದೆ. 1,86,000, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 33,480, ಒಟ್ಟು 2,19,480. ನಿನ್ನ 1.58ರವನು ಜಿಎಸ್‌ಟಿ ಸೇರಿಸಿ ಹೇಳಿದ್ದಾನಾ ಬಿಟ್ಟು ಹೇಳಿದ್ದಾನಾ ಕೇಳಿದ್ದೀಯಾ? ಇವರು ಕಂಬಕ್ಕೆ 14 ಗೇಜ್ ಹಾಕಿದ್ದಾರೆ, ಅವನು 16. ಗೇಜ್ ನಂಬರ್ ಹೆಚ್ಚಾದಷ್ಟೂ ತಗಡು ತೆಳು. ಅಂಗಡಿ ಮುಂಭಾಗದ ರ್ಯಾಕಿಗೆ ಬರೀ ಬಲ್ಬು, ಟೇಪು, ಬೀಗ ಇಡೋದಾದರೆ 16 ಸಾಕು ಅಂತ ಅಪ್ಪ ಹೇಳಿದ್ದು ಸರಿ. ಆದರೆ ಗೋಡೌನ್‌ನಲ್ಲಿ 20 ಲೀಟರ್ ಪೇಂಟ್ ಬಕೆಟ್ ಒಂದರ ಮೇಲೊಂದು ಇಡುವಾಗ ಈ ಅಣ್ಣನ ಹತ್ತಿರವೇ ಹೋಗಬೇಕಾಗುತ್ತದೆ. ಬಾಗಿಲು ತೆರೆದಿಡಬೇಕು ಅಂತ ಹೇಳುತ್ತಿರೋದು ಮರ್ಯಾದೆಗಲ್ಲ, ದೀಪಾವಳಿ ಆದಮೇಲೆ ನಮಗೇ ಬೇಕು.

ಮತ್ತೆ ಆ ಡ್ರಾಯಿಂಗ್. ಹದಡಿ ರಸ್ತೆಯ ಅಂಗಡಿಗೆ ಎರಡು ಸಲ ಬಂದು, ಹಳೇ ಕ್ಯಾಲೆಂಡರ್ ಹಾಳೆ ಹಿಂದೆ ಪೆನ್ಸಿಲ್‌ನಲ್ಲಿ ಗೋಡೆ ಪೂರ್ತಿ ಬರೆದುಕೊಟ್ಟರು. ಶಟರ್ ಡಬ್ಬಿ 9 ಇಂಚು ಕೆಳಗೆ ಇಳಿಯುತ್ತದೆ, ಮೇಲಿನ ಹಲಗೆ ಅಲ್ಲಿಗೇ ನಿಲ್ಲಬೇಕು ಅಂತ ಕಂಡುಹಿಡಿದದ್ದು ಅವರು. ನಮ್ಮಲ್ಲಿ ಯಾರಿಗೂ ಅದು ಹೊಳೆದಿರಲಿಲ್ಲ. ಆ ಹಾಳೆಯ ಫೋಟೋವನ್ನು ನೀನು 1.58ರವನಿಗೆ ಕಳಿಸಿದ್ದೀಯಂತೆ, ಅಪ್ಪ ಹೇಳಿದರು. ಅವನಿಗೆ ಹೇಳು, ನೀನೇ ಬಂದು ಅಳತೆ ತಗೋ ಅಂತ. ಆಮೇಲೆ ಈ ಅಣ್ಣನಿಗೆ ಇದನ್ನು ಕಳಿಸು. ಮೊದಲು ಅಪ್ಪನಿಗೆ ಓದಿ ಹೇಳು, ದೀಪಾವಳಿ ಮಾತು ಅವರದು.

"ಅಣ್ಣಾ ನಮಸ್ಕಾರ, ರ್ಯಾಕ್ ಕೊಟೇಷನ್ ವಿಷಯ. ಅಂಗಡಿ ಮುಂದಿನ ರ್ಯಾಕ್ ಕೆಲಸವನ್ನು ಈ ಸಲ ನಿಮಗೆ ಕೊಡಲು ಆಗಲಿಲ್ಲ, ಬೇರೆಯವರಿಗೆ ಒಪ್ಪಿಸಿದ್ದೇವೆ. ನಿಮ್ಮ ರೇಟ್ ತಪ್ಪು ಅಂತಲ್ಲ. ನೀವು ಹಾಕಿದ ದಪ್ಪ ಮಾಲು ಮುಂದಿನ ಸಣ್ಣ ಸಾಮಾನಿಗೆ ಬೇಕಾಗಿಲ್ಲ ಅಂತ ಅಪ್ಪ ತೀರ್ಮಾನ ಮಾಡಿದರು, ಈಗಿರುವ ದುಡ್ಡೂ ಅಷ್ಟೇ. ಎರಡು ಸಲ ಬಂದು ಅಳತೆ ತೆಗೆದಿರಿ, ಶಟರ್ ಡಬ್ಬಿ ವಿಷಯ ನೀವು ಹೇಳದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ. ಒಂದು ತಪ್ಪು ಒಪ್ಪಿಕೊಳ್ಳಬೇಕು ಅಣ್ಣಾ. ನಿಮ್ಮ ಡ್ರಾಯಿಂಗ್ ಫೋಟೋ ನಾನು ಅವರಿಗೆ ಕಳಿಸಿಬಿಟ್ಟಿದ್ದೆ, ಅದು ಸರಿಯಲ್ಲ. ಅವರಿಗೆ ತಾವೇ ಬಂದು ಅಳತೆ ತೆಗೆದುಕೊಳ್ಳಲು ಹೇಳಿದ್ದೇನೆ. ದೀಪಾವಳಿ ಆದಮೇಲೆ ಹಿಂದಿನ ಗೋಡೌನ್‌ಗೆ ಪೇಂಟ್ ಬಕೆಟ್ ಇಡುವ ರ್ಯಾಕ್ ಮಾಡಿಸುವ ಯೋಚನೆ ಇದೆ. ನಿಮಗೇ ಕೊಡುತ್ತೇವೆ ಅಂತ ಈಗಲೇ ಮಾತು ಕೊಡುವುದಿಲ್ಲ, ಆದರೆ ಮೊದಲ ಫೋನ್ ನಿಮಗೇ. ಈ ಕಡೆ ಬಂದರೆ ಅಂಗಡಿಗೆ ಬನ್ನಿ."

ಡ್ರಾಯಿಂಗ್ ಸಾಲು ಬರೆಯೋಕೆ ನಿನಗೆ ಕಷ್ಟ ಆಗುತ್ತದೆ, ಗೊತ್ತು. ಇರಲಿ. ದಾವಣಗೆರೆ ಎಷ್ಟು ದೊಡ್ಡದಾದರೂ ಫ್ಯಾಬ್ರಿಕೇಷನ್‌ನವರೆಲ್ಲ ಒಂದೇ ಅಂಗಡಿಯಲ್ಲಿ ವೆಲ್ಡಿಂಗ್ ರಾಡ್ ತಗೋತಾರೆ, ಅಲ್ಲೇ ಚಹಾ ಕುಡೀತಾರೆ. ಅವರಿಗೆ ವಿಷಯ ಗೊತ್ತಾಗೇ ಆಗುತ್ತದೆ, ನಿನ್ನ ಬಾಯಿಂದಲೇ ಮೊದಲು ಗೊತ್ತಾಗಲಿ. ಓದಿ ಸಿಟ್ಟಲ್ಲಿ ಏನಾದರೂ ಅಂದರೆ ವಾದ ಮಾಡಬೇಡ, "ನೀವು ಹೇಳೋದು ಸರಿ ಅಣ್ಣಾ" ಅಂತ ಒಂದು ಸಾಲು ಹಾಕಿ ಸುಮ್ನಿರು. ಇನ್ನೂ ಕಮ್ಮಿ ಮಾಡಿ ಕೊಡುತ್ತೇನೆ ಅಂದರೆ: "ಬೇಡ ಅಣ್ಣಾ, ಅವರಿಗೆ ಅಡ್ವಾನ್ಸ್ ಕೊಟ್ಟಾಗಿದೆ, ಮಾತು ತಪ್ಪೋಕೆ ಆಗಲ್ಲ." ನಾಳೆ ನಿಮಗೆ ಅಡ್ವಾನ್ಸ್ ಕೊಟ್ಟರೂ ನಾವು ಹೀಗೇ ನಿಲ್ಲುತ್ತೇವೆ ಅಂತ ಅವರಿಗೆ ಅಷ್ಟರಲ್ಲೇ ಅರ್ಥ ಆಗುತ್ತದೆ.

ಮೂರನೆಯದು ಸಿಸಿ ಕ್ಯಾಮೆರಾ ಹುಡುಗ. ಅವನು 22,400ಕ್ಕೆ ನಾಲ್ಕು ಕ್ಯಾಮೆರಾ ಅಂತ ಕೊಟೇಷನ್ ಕಳಿಸಿದ್ದಾನೆ, ನೀನು ಹೆಬ್ಬೆಟ್ಟು ಎತ್ತಿದ ಇಮೋಜಿ ಹಾಕಿ ಬಿಟ್ಟಿದ್ದೀಯ. "ನೋಡಿದೆ" ಅಂತ ನೀನು ಹಾಕಿದ್ದು, "ಓಕೆ" ಅಂತ ಅವನು ತಿಳಿದಿದ್ದಾನೆ. ಅದಕ್ಕೇ ಅವನು "ನಾಳೆ ಬೆಳಿಗ್ಗೆ ಬರ್ತೀನಿ ಅಣ್ಣಾ" ಅಂದಿರೋದು. ಅಂಗಡಿಗೆ ಇನ್ನೂ ವೈರಿಂಗೇ ಮುಗಿದಿಲ್ಲ.

"ಬ್ರದರ್, ನಿನ್ನೆ ಹೆಬ್ಬೆಟ್ಟು ಹಾಕಿದ್ದು ಕೊಟೇಷನ್ ನೋಡಿದೆ ಅಂತ, ಓಕೆ ಅಂತಲ್ಲ. ಸರಿಯಾಗಿ ಹೇಳದೇ ಇದ್ದದ್ದು ನನ್ನ ತಪ್ಪು. ನಾಳೆ ಬರಬೇಡಿ. ವೈರಿಂಗ್ ಮುಗಿಯುವವರೆಗೆ ಕ್ಯಾಮೆರಾ ಹಾಕಿಸುವುದಿಲ್ಲ. ಇದಕ್ಕೆ ಅಂತ ಕೇಬಲ್ ಏನಾದರೂ ತಂದಿದ್ದರೆ ಹೇಳಿ, ಅದನ್ನು ನಾನು ತಗೋತೀನಿ. ವೈರಿಂಗ್ ಮುಗಿದ ದಿನ ನಿಮಗೆ ತಿಳಿಸುತ್ತೇನೆ. ಅಷ್ಟರಲ್ಲಿ ರೇಟ್ ಬದಲಾಗಿದ್ದರೆ ಹೊಸ ಕೊಟೇಷನ್ ಕೊಡಿ, ಹಳೇದನ್ನೇ ಹಿಡಿದು ಕೂರುವುದಿಲ್ಲ."

ಉಳಿದದ್ದು ನಾಳೆ ಆದರೂ ನಡೆಯುತ್ತದೆ, ಇದನ್ನು ಮಾತ್ರ ಈಗಲೇ ಕಳಿಸು. ಅವನು ಬೆಳಿಗ್ಗೆ ಎಂಟಕ್ಕೆಲ್ಲ ಬೈಕಿಗೆ ಏಣಿ ಕಟ್ಟಿಕೊಂಡು ಹೊರಟುಬಿಡುತ್ತಾನೆ.