ರಕ್ತ ತಿರುಗಿ ಬರುವ ದಾರಿ: ಬುಧವಾರದ ಪಾಠದ ನೋಟ್ಸ್

ನರ್ಸಿಂಗ್ ಮೊದಲ ವರ್ಷ, ಅನಾಟಮಿ ಮತ್ತು ಫಿಸಿಯಾಲಜಿ. ವಿಷಯ: ಹೃದಯ ಮತ್ತು ರಕ್ತ ಪರಿಚಲನೆ

ಬುಧವಾರ ಬರದೇ ಇದ್ದವರಿಗೂ, ಬಂದು ಬರೆದುಕೊಳ್ಳಲು ಆಗದೇ ಇದ್ದವರಿಗೂ ಈ ನೋಟ್ಸ್. ಮೇಡಂ ಅನುಮತಿ ಕೊಟ್ಟಿದ್ದರಿಂದ ಪಾಠವನ್ನು ರೆಕಾರ್ಡ್ ಮಾಡಿಕೊಂಡಿದ್ದೆ. ಕೂತು ಅಕ್ಷರಕ್ಕಿಳಿಸಿದಾಗ ಹದಿನಾಲ್ಕು ಪುಟ ಆಯಿತು. ಮಾತಾಡುವಾಗ ಯಾರಾದರೂ ಹಿಂದೆ ಮುಂದೆ ಹೋಗುತ್ತಾರೆ, ಮಧ್ಯೆ ಪ್ರಶ್ನೆಗಳು ಬರುತ್ತವೆ. ಅದನ್ನೆಲ್ಲ ಸೋಸಿ, ವಿಷಯಕ್ಕೊಂದು ತಲೆಬರಹ ಕೊಟ್ಟು ಜೋಡಿಸಿದ್ದೇನೆ. ಮೇಡಂ ಕೊನೆಯಲ್ಲಿ ಹೇಳಿದ, ಇಂಗ್ಲೆಂಡಿನ ವೈದ್ಯ ಹಾರ್ವೆಯ ಲೆಕ್ಕವನ್ನು ನಾನು ಮೊದಲಿಗೆ ತಂದಿದ್ದೇನೆ. ಅದು ಅರ್ಥವಾದರೆ ಉಳಿದಿದ್ದು ತಾನಾಗಿ ಕೂಡಿಕೊಳ್ಳುತ್ತದೆ. ನೆನಪಿಡಬೇಕಾದ ಪದಗಳು ಪಕ್ಕದ ಗೆರೆ ಇರುವ ಸಾಲುಗಳಲ್ಲಿವೆ.

## 1. ರಕ್ತ ಖರ್ಚಾಗುವುದಿಲ್ಲ, ತಿರುಗುತ್ತದೆ

ಎರಡನೇ ಶತಮಾನದ ವೈದ್ಯ ಗೇಲನ್ ಹೇಳಿದ್ದು ಹೀಗೆ: ತಿಂದ ಆಹಾರದಿಂದ ಯಕೃತ್ತಿನಲ್ಲಿ ರಕ್ತ ಹುಟ್ಟುತ್ತದೆ, ಮೈಯೆಲ್ಲ ಹರಿದು ಅಲ್ಲಲ್ಲೇ ಬಳಕೆಯಾಗಿ ಮುಗಿಯುತ್ತದೆ. ಹೃದಯದ ಬಲಭಾಗದಿಂದ ಎಡಭಾಗಕ್ಕೆ ನಡುಗೋಡೆಯ ಕಣ್ಣಿಗೆ ಕಾಣದ ರಂಧ್ರಗಳ ಮೂಲಕ ರಕ್ತ ದಾಟುತ್ತದೆ ಅಂತಲೂ ಅವನು ನಂಬಿದ್ದ. 13ನೇ ಶತಮಾನದಲ್ಲಿ ಕೈರೋದ ಇಬ್ನ್ ಅಲ್ ನಫೀಸ್ ಎಂಬ ವೈದ್ಯ ಈ ಗೋಡೆಯಲ್ಲಿ ರಂಧ್ರವಿಲ್ಲ, ರಕ್ತ ಶ್ವಾಸಕೋಶದ ಮೂಲಕವೇ ಎಡಕ್ಕೆ ಬರುತ್ತದೆ ಎಂದು ಬರೆದಿದ್ದ. ಆದರೂ ಯುರೋಪಿನಲ್ಲಿ ಗೇಲನ್ ಮಾತೇ ಬಹುಕಾಲ ನಡೆಯಿತು.

1628ರಲ್ಲಿ ವಿಲಿಯಂ ಹಾರ್ವೆ ತನ್ನ ಪುಸ್ತಕದಲ್ಲಿ ಒಂದು ಸರಳ ಲೆಕ್ಕ ಮುಂದಿಟ್ಟ. ಒಂದು ಬಡಿತಕ್ಕೆ ಹೃದಯದಿಂದ ಹೊರಬೀಳುವ ರಕ್ತವನ್ನು ಬೇಕಂತಲೇ ಕಡಿಮೆ ಹಿಡಿದ. ಅರ್ಧ ಗಂಟೆಯಲ್ಲಿ ಹೃದಯ ಸಾವಿರಕ್ಕೂ ಹೆಚ್ಚು ಸಲ ಬಡಿಯುತ್ತದೆ. ಗುಣಿಸಿ ನೋಡಿದರೆ ಮೈಯಲ್ಲಿರುವ ಒಟ್ಟು ರಕ್ತಕ್ಕಿಂತ ಜಾಸ್ತಿ ಬಂತು. ಅಷ್ಟು ರಕ್ತವನ್ನು ಯಾವ ಊಟದಿಂದಲೂ ಅರ್ಧ ಗಂಟೆಯಲ್ಲಿ ತಯಾರಿಸಲು ಸಾಧ್ಯವಿಲ್ಲ. ಹಾಗಾದರೆ ಹೋದ ರಕ್ತವೇ ತಿರುಗಿ ಬರುತ್ತಿರಬೇಕು, ಅಲ್ವಾ?

ಇವತ್ತಿನ ಅಂಕಿಗಳನ್ನು ಹಾಕಿ ಮೇಡಂ ಬೋರ್ಡಿನ ಮೇಲೆ ಮಾಡಿಸಿದ್ದು ಇದು. ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ಬಡಿತಕ್ಕೆ ಸುಮಾರು 70 ಮಿ.ಲೀ., ನಿಮಿಷಕ್ಕೆ ಸುಮಾರು 72 ಬಡಿತ:

70 × 72 = 5,040 ಮಿ.ಲೀ.

ಅಂದರೆ ನಿಮಿಷಕ್ಕೆ ಸುಮಾರು 5 ಲೀಟರ್. ದೇಹದಲ್ಲಿರುವ ಒಟ್ಟು ರಕ್ತವೂ ಹೆಚ್ಚುಕಡಿಮೆ ಅಷ್ಟೇ! ದಿನಕ್ಕೆ ಲೆಕ್ಕ ಹಾಕಿದರೆ 7,000 ಲೀಟರ್ ದಾಟುತ್ತದೆ. ಅದೇ ಐದು ಲೀಟರ್, ಮತ್ತೆ ಮತ್ತೆ.

> ಹೃದಯ ಹೊರಹರಿವು: ಒಂದು ನಿಮಿಷದಲ್ಲಿ ಒಂದು ಹೃತ್ಕುಕ್ಷಿ, ಅಂದರೆ ಹೃದಯದ ಕೆಳಗಿನ ಒಂದು ಕೋಣೆ, ಹೊರದೂಡುವ ರಕ್ತ. ಬಡಿತಕ್ಕೆ ಹೊರಬೀಳುವ ಪ್ರಮಾಣ × ನಿಮಿಷದ ಬಡಿತಗಳು.

## 2. ತೋಳಿಗೆ ಪಟ್ಟಿ ಕಟ್ಟಿ ನೋಡಿದ್ದು

ರೆಕಾರ್ಡಿಂಗ್‌ನಲ್ಲಿ ಈ ಭಾಗ ಕೇಳಿದರೆ ಏನೂ ತಿಳಿಯುವುದಿಲ್ಲ. "ನೋಡಿ, ಇಲ್ಲಿ. ಈಗ ಇಲ್ಲಿ. ಕಂಡಿತಾ?" ಅಂತ ಮಾತ್ರ ಇದೆ. ನಾನು ಮುಂದಿನ ಬೆಂಚಿನಲ್ಲಿದ್ದೆ, ಹಾಗಾಗಿ ಕಂಡಿದ್ದನ್ನು ಪೂರ್ತಿ ಬರೆಯುತ್ತೇನೆ.

ಮೇಡಂ ಒಬ್ಬ ವಿದ್ಯಾರ್ಥಿಯ ಮೊಣಕೈ ಮೇಲೆ ಪಟ್ಟಿ ಕಟ್ಟಿದರು. ಮೊದಲು ಬಿಗಿಯಾಗಿ. ಮಣಿಕಟ್ಟಿನಲ್ಲಿ ನಾಡಿ ಸಿಗಲಿಲ್ಲ, ಅಂಗೈ ಬಿಳಿಚಿಕೊಂಡಿತು. ಕೆಲವೇ ಸೆಕೆಂಡು, ತಕ್ಷಣ ಸಡಿಲಿಸಿದರು. ಪೂರ್ತಿ ಬಿಚ್ಚಲಿಲ್ಲ, ಸ್ವಲ್ಪ ಮಾತ್ರ. ನಾಡಿ ವಾಪಸ್ ಬಂತು, ಕೈ ಕೆಂಪಾಯಿತು. ಪಟ್ಟಿಯ ಕೆಳಗೆ ನರಗಳು ಉಬ್ಬಿ ಹಗ್ಗದ ಹಾಗೆ ಎದ್ದು ನಿಂತವು. (ಮಾತಿನಲ್ಲಿ ನಾವು "ನರ" ಅನ್ನುತ್ತೇವೆ. ಪರೀಕ್ಷೆಯಲ್ಲಿ ಹಾಗೆ ಬರೆಯಬೇಡಿ. ನರ ಅಂದರೆ ನರಮಂಡಲದ್ದು. ಇದು ಅಭಿಧಮನಿ.)

ಯಾಕೆ ಹೀಗಾಯಿತು? ಕೈಗೆ ರಕ್ತ ತರುವ ಅಪಧಮನಿ ಆಳದಲ್ಲಿದೆ, ಒತ್ತಡವೂ ಜಾಸ್ತಿ. ಪಟ್ಟಿ ತುಂಬಾ ಬಿಗಿಯಾದರೆ ಮಾತ್ರ ಅದು ಮುಚ್ಚುತ್ತದೆ. ಅಭಿಧಮನಿ ಚರ್ಮದ ಹತ್ತಿರವಿದೆ, ಒತ್ತಡ ಕಡಿಮೆ. ಹದವಾಗಿ ಕಟ್ಟಿದರೂ ಮುಚ್ಚಿಕೊಳ್ಳುತ್ತದೆ. ಆಗ ರಕ್ತ ಕೈಯೊಳಗೆ ಬರುತ್ತದೆ, ಹೊರಗೆ ಹೋಗಲು ದಾರಿ ಇರುವುದಿಲ್ಲ. ಬಂದ ದಾರಿ ಒಂದು, ಹೋಗುವ ದಾರಿ ಇನ್ನೊಂದು ಎಂಬುದಕ್ಕೆ ಹಾರ್ವೆ ಕೊಟ್ಟ ಸಾಕ್ಷಿ ಇದೇ. ನಾವು ರಕ್ತದ ಮಾದರಿ ತೆಗೆಯುವಾಗ ಕಟ್ಟುವ ಟೂರ್ನಿಕೆಟ್ ಕೂಡ ಇದೇ ಕೆಲಸ ಮಾಡುತ್ತದೆ. ಕಟ್ಟಿದ ಮೇಲೂ ನಾಡಿ ಸಿಗುತ್ತಿರಬೇಕು. ನಾಡಿ ನಿಂತಿದ್ದರೆ ಅಭಿಧಮನಿ ತುಂಬುವುದೇ ಇಲ್ಲ. ಇದನ್ನು ಮೇಡಂ ಮೂರು ಸಲ ಹೇಳಿದ್ದಾರೆ.

ಆಮೇಲೆ ಬೆರಳಿನ ಪ್ರಯೋಗ. ಮುಂಗೈಯಲ್ಲಿ ಉಬ್ಬಿದ ಒಂದು ಅಭಿಧಮನಿಯನ್ನು ಒಂದು ಬೆರಳಿನಿಂದ ಒತ್ತಿ ಹಿಡಿದರು. ಇನ್ನೊಂದು ಬೆರಳಿನಿಂದ ಅಲ್ಲಿಂದ ಮೊಣಕೈ ಕಡೆಗೆ, ಮುಂದಿನ ಗಂಟು ದಾಟುವವರೆಗೆ ರಕ್ತವನ್ನು ಸವರಿದರು. ಆ ತುಂಡು ಖಾಲಿಯಾಗಿ ಚಪ್ಪಟೆಯಾಯಿತು. ಮೇಲಿನ ಬೆರಳು ತೆಗೆದರು. ರಕ್ತ ಗಂಟಿನವರೆಗೆ ಬಂದು ನಿಂತಿತು, ಕೆಳಗೆ ಇಳಿಯಲಿಲ್ಲ. ಕೆಳಗಿನ ಬೆರಳು ತೆಗೆದ ಕೂಡಲೇ ಸರ್ರನೆ ತುಂಬಿಕೊಂಡಿತು. ಆ ಗಂಟಿನ ಜಾಗದಲ್ಲಿ ಇರುವುದೇ ಕವಾಟ. ಕೈಯಿಂದ ಹೃದಯದ ಕಡೆಗೆ ಮಾತ್ರ ಅದು ಬಿಡುತ್ತದೆ.

ಪಾದುವಾದಲ್ಲಿ ಹಾರ್ವೆಗೆ ಪಾಠ ಹೇಳಿದ ಫ್ಯಾಬ್ರಿಷಿಯಸ್ ಈ ಕವಾಟಗಳ ಬಗ್ಗೆ 1603ರಲ್ಲೇ ಪ್ರಕಟಿಸಿದ್ದ. ಆದರೆ ರಕ್ತ ಕೈಕಾಲಿಗೆ ರಭಸವಾಗಿ ನುಗ್ಗದಂತೆ ಅವು ತಡೆಯುತ್ತವೆ ಅಂದುಕೊಂಡಿದ್ದ. ಗುರು ಕಂಡಿದ್ದರ ಅರ್ಥ ಶಿಷ್ಯನಿಗೆ ಹೊಳೆಯಿತು. ನನಗೆ ಇಡೀ ಪಾಠದಲ್ಲಿ ಜಾಸ್ತಿ ಇಷ್ಟವಾದ ಜಾಗ ಇದು.

> ಅಪಧಮನಿ: ಹೃದಯದಿಂದ ರಕ್ತ ಒಯ್ಯುವ ನಾಳ. ಗೋಡೆ ದಪ್ಪ, ಒತ್ತಡ ಹೆಚ್ಚು.
>
> ಅಭಿಧಮನಿ: ಹೃದಯಕ್ಕೆ ರಕ್ತ ತರುವ ನಾಳ. ಗೋಡೆ ತೆಳು, ಒತ್ತಡ ಕಡಿಮೆ. ಕೈಕಾಲುಗಳಲ್ಲಿರುವುದಕ್ಕೆ ಒಳಗೆ ಕವಾಟಗಳಿವೆ.
>
> ಕವಾಟ: ರಕ್ತವನ್ನು ಒಂದೇ ದಿಕ್ಕಿಗೆ ಬಿಡುವ ಬಾಗಿಲು.

ಕಾಲಿನಿಂದ ರಕ್ತ ಮೇಲಕ್ಕೆ ಏರುವುದು ಹೇಗೆ ಅಂತ ಒಬ್ಬರು ಕೇಳಿದರು. ನಡೆಯುವಾಗ ಮೀನಖಂಡದ ಸ್ನಾಯುಗಳು ಅಭಿಧಮನಿಯನ್ನು ಹಿಂಡುತ್ತವೆ, ಕವಾಟ ಅದನ್ನು ಕೆಳಗೆ ಬೀಳಲು ಬಿಡುವುದಿಲ್ಲ. ಬಹಳ ಹೊತ್ತು ಅಲ್ಲಾಡದೆ ನಿಂತರೆ ರಕ್ತ ಕಾಲಿನಲ್ಲೇ ಉಳಿದು ತಲೆ ಸುತ್ತಬಹುದು. ಈ ಕವಾಟಗಳು ಸೋರತೊಡಗಿದರೆ ಅಭಿಧಮನಿಗಳು ಉಬ್ಬಿ ಸುರುಳಿಯಾಗುತ್ತವೆ. ವೆರಿಕೋಸ್ ವೇನ್ಸ್ ಅನ್ನುವುದು ಇದಕ್ಕೇ.

## 3. ನಾಲ್ಕು ಕೋಣೆ, ಎರಡು ಪಂಪು

ಮೇಲಿನ ಎರಡು ಕೋಣೆ ಹೃತ್ಕರ್ಣ, ಕೆಳಗಿನ ಎರಡು ಹೃತ್ಕುಕ್ಷಿ. ಹೃದಯವನ್ನು ಒಂದು ಪಂಪು ಅಂದುಕೊಳ್ಳುವುದಕ್ಕಿಂತ ಅಕ್ಕಪಕ್ಕ ಅಂಟಿಕೊಂಡ ಎರಡು ಪಂಪು ಅಂದುಕೊಂಡರೆ ಗೊಂದಲವಾಗುವುದಿಲ್ಲ. ಬಲ ಪಂಪು ಶ್ವಾಸಕೋಶಕ್ಕೆ, ಎಡ ಪಂಪು ಉಳಿದ ಇಡೀ ದೇಹಕ್ಕೆ.

ಎಡ ಹೃತ್ಕುಕ್ಷಿಯ ಗೋಡೆ ಬಲದ್ದಕ್ಕಿಂತ ಸುಮಾರು ಮೂರು ಪಟ್ಟು ದಪ್ಪ. (ರೆಕಾರ್ಡಿಂಗ್‌ನಲ್ಲಿ ಇಲ್ಲಿ ಮೊದಲು "ಬಲ" ಅಂತ ಬಂದಿದೆ, ಮೇಡಂ ಮರುಕ್ಷಣವೇ ತಿದ್ದಿದ್ದಾರೆ. ಮೊದಲನೆಯದನ್ನು ಬರೆದುಕೊಂಡವರು ಸರಿಮಾಡಿಕೊಳ್ಳಿ.) ಎರಡೂ ಕಡೆಯಿಂದ ಹೋಗುವ ರಕ್ತದ ಪ್ರಮಾಣ ಒಂದೇ. ಆದರೆ ಎಡಕ್ಕೆ ಕೆಲಸ ಜಾಸ್ತಿ. ಅದು ಸುಮಾರು 120 ಮಿ.ಮೀ. ಪಾದರಸದ ಒತ್ತಡದಲ್ಲಿ ದೂಡಬೇಕು. ಬಲಕ್ಕೆ ಸುಮಾರು 25 ಸಾಕು.

> ಇಮ್ಮಡಿ ಪರಿಚಲನೆ: ಒಂದು ಸುತ್ತು ಮುಗಿಸುವಷ್ಟರಲ್ಲಿ ರಕ್ತ ಹೃದಯವನ್ನು ಎರಡು ಸಲ ಹಾದುಹೋಗುವುದು.

ಎಲ್ಲರೂ ಎಡವುವ ಜಾಗ ಒಂದಿದೆ. "ಅಪಧಮನಿಯಲ್ಲಿ ಶುದ್ಧ ರಕ್ತ, ಅಭಿಧಮನಿಯಲ್ಲಿ ಅಶುದ್ಧ ರಕ್ತ" ಅಂತ ಬಾಯಿಪಾಠ ಮಾಡಿರುತ್ತೇವೆ. ಅದನ್ನು ಬಿಟ್ಟುಬಿಡಿ. ಹೃದಯದಿಂದ ಶ್ವಾಸಕೋಶಕ್ಕೆ ಹೋಗುವುದು ಅಪಧಮನಿಯೇ, ಅದರಲ್ಲಿ ಇರುವುದು ಆಮ್ಲಜನಕ ಕಡಿಮೆ ಇರುವ ರಕ್ತ. ಶ್ವಾಸಕೋಶದಿಂದ ಬರುವುದು ಅಭಿಧಮನಿ, ಅದರಲ್ಲಿ ಆಮ್ಲಜನಕ ತುಂಬಿದ ರಕ್ತ. ಹೆಸರು ನಿಂತಿರುವುದು ದಿಕ್ಕಿನ ಮೇಲೆ, ರಕ್ತದ ಬಣ್ಣದ ಮೇಲಲ್ಲ.

## 4. ಲಬ್, ಡಬ್

ಎದೆಗೆ ಸ್ಟೆತಾಸ್ಕೋಪ್ ಇಟ್ಟರೆ ಕೇಳುವುದು ಕವಾಟ ಮುಚ್ಚುವುದಕ್ಕೆ ಸಂಬಂಧಿಸಿದ ಸದ್ದು. "ಲಬ್" ಅಂದಾಗ ಹೃತ್ಕರ್ಣ ಮತ್ತು ಹೃತ್ಕುಕ್ಷಿ ನಡುವಿನ ಎರಡು ಕವಾಟಗಳು ಮುಚ್ಚುತ್ತವೆ: ಬಲದಲ್ಲಿ ತ್ರಿದಳ, ಎಡದಲ್ಲಿ ದ್ವಿದಳ. "ಡಬ್" ಅಂದಾಗ ಹೊರದಾರಿಯ ಅರ್ಧಚಂದ್ರ ಕವಾಟಗಳು. ಲಬ್‌ನಿಂದ ಡಬ್‌ವರೆಗೆ ಹೃತ್ಕುಕ್ಷಿ ಹಿಂಡಿಕೊಂಡಿರುತ್ತದೆ, ಡಬ್‌ನಿಂದ ಮುಂದಿನ ಲಬ್‌ವರೆಗೆ ಸಡಿಲಾಗಿ ತುಂಬಿಕೊಳ್ಳುತ್ತದೆ.

> ಸಿಸ್ಟೊಲಿ: ಹೃದಯ ಸ್ನಾಯು ಹಿಂಡಿಕೊಳ್ಳುವ ಹಂತ.
>
> ಡಯಾಸ್ಟೊಲಿ: ಸಡಿಲಾಗಿ ತುಂಬಿಕೊಳ್ಳುವ ಹಂತ.
>
> ಪೇಸ್‌ಮೇಕರ್: ಬಲ ಹೃತ್ಕರ್ಣದ ಗೋಡೆಯಲ್ಲಿರುವ ಎಸ್.ಎ. ನೋಡ್. ಬಡಿತದ ಆಜ್ಞೆ ಹುಟ್ಟುವ ಜಾಗ.

## 5. ಹಾರ್ವೆಗೆ ಕಾಣದೇ ಹೋದ ಕೊಂಡಿ

ಅಪಧಮನಿಯಿಂದ ಅಭಿಧಮನಿಗೆ ರಕ್ತ ದಾಟುವುದು ಎಲ್ಲಿ? ದಾಟುತ್ತದೆ ಅಂತ ಹಾರ್ವೆಗೆ ಗೊತ್ತಿತ್ತು, ಎಲ್ಲಿ ಅಂತ ಕಣ್ಣಾರೆ ಕಾಣಲಿಲ್ಲ. ಅವನು ತೀರಿಕೊಂಡಿದ್ದು 1657ರಲ್ಲಿ. ನಾಲ್ಕು ವರ್ಷದ ನಂತರ, 1661ರಲ್ಲಿ, ಇಟಲಿಯ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಆ ಸಣ್ಣ ನಾಳಗಳನ್ನು ಕಂಡಿದ್ದಾಗಿ ಬರೆದ. ಲೆಕ್ಕ ಮೊದಲೇ ಹೇಳಿದ್ದನ್ನು ಕಣ್ಣು ಆಮೇಲೆ ಕಂಡಿತು.

ಈ ನಾಳದ ಗೋಡೆ ಒಂದೇ ಜೀವಕೋಶದಷ್ಟು ದಪ್ಪ. ಒಳಗಿನ ಅಗಲ ಕೆಂಪು ರಕ್ತಕಣದಷ್ಟೇ, ಹಾಗಾಗಿ ಕಣಗಳು ಒಂದರ ಹಿಂದೆ ಒಂದು ಸಾಲಾಗಿ, ಕೆಲವು ಕಡೆ ಮೈ ಬಗ್ಗಿಸಿಕೊಂಡು ನುಸುಳಬೇಕು. ಆಮ್ಲಜನಕ, ಆಹಾರ ಹೊರಗಿಳಿಯುವುದು, ಇಂಗಾಲದ ಡೈಆಕ್ಸೈಡ್ ಒಳಗೆ ಹತ್ತುವುದು ಎಲ್ಲ ಇಲ್ಲೇ.

> ಲೋಮನಾಳ: ಅಪಧಮನಿಯ ತುದಿಯನ್ನೂ ಅಭಿಧಮನಿಯ ಮೊದಲನ್ನೂ ಜೋಡಿಸುವ ಅತಿ ಸಣ್ಣ ರಕ್ತನಾಳ.

## 6. ಹೃದಯಕ್ಕೆ ರಕ್ತ ಕೊಡುವವರು ಯಾರು?

ಕೋಣೆಗಳ ತುಂಬ ರಕ್ತವಿದ್ದರೂ ಹೃದಯದ ದಪ್ಪ ಸ್ನಾಯುವಿಗೆ ಅದು ನೇರವಾಗಿ ಸಿಗುವುದಿಲ್ಲ. ಎಡ ಹೃತ್ಕುಕ್ಷಿಯಿಂದ ಹೊರಡುವ ಮಹಾಪಧಮನಿಯ ಬುಡದಲ್ಲೇ ಕವಲೊಡೆಯುವ ಎರಡು ಕರೋನರಿ ಅಪಧಮನಿಗಳು ಅದಕ್ಕೆ ರಕ್ತ ಕೊಡುತ್ತವೆ. ಇವು ಕಟ್ಟಿಕೊಂಡರೆ ಹೃದಯಾಘಾತ. ವಿವರ ಮುಂದೆ ಬರುತ್ತದೆ ಅಂತ ಮೇಡಂ ಇಲ್ಲಿಗೇ ಬಿಟ್ಟಿದ್ದಾರೆ.

## ಮತ್ತೊಮ್ಮೆ, ಒಂದೇ ಉಸಿರಿನಲ್ಲಿ

ಒಂದು ಕೆಂಪು ರಕ್ತಕಣದ ಜೊತೆ ಹೋಗಿ ಬನ್ನಿ. ಪುಸ್ತಕ ಮುಚ್ಚಿ, ಬೆರಳಿನಲ್ಲಿ ಮೇಜಿನ ಮೇಲೆ ದಾರಿ ಗೀಚಿ.

ಕಾಲಿನ ಲೋಮನಾಳದಲ್ಲಿ ಆಮ್ಲಜನಕ ಇಳಿಸಿ ಹೊರಟಿತು → ಕಾಲಿನ ಅಭಿಧಮನಿ, ಕವಾಟ ದಾಟಿ ಮೇಲಕ್ಕೆ → ಬಲ ಹೃತ್ಕರ್ಣ → ತ್ರಿದಳ ಕವಾಟ → ಬಲ ಹೃತ್ಕುಕ್ಷಿ → ಶ್ವಾಸಕೋಶದ ಅಪಧಮನಿ → ಶ್ವಾಸಕೋಶದ ಲೋಮನಾಳ, ಇಲ್ಲಿ ಆಮ್ಲಜನಕ ಹತ್ತಿತು → ಶ್ವಾಸಕೋಶದ ಅಭಿಧಮನಿ → ಎಡ ಹೃತ್ಕರ್ಣ → ದ್ವಿದಳ ಕವಾಟ → ಎಡ ಹೃತ್ಕುಕ್ಷಿ → ಮಹಾಪಧಮನಿ → ಮತ್ತೆ ಕಾಲು.

ಹೃದಯ ಎರಡು ಸಲ ಬಂತು, ಲೋಮನಾಳವೂ ಎರಡು ಸಲ. ಅದೇ ಇಮ್ಮಡಿ ಪರಿಚಲನೆ. ಇಡೀ ದಾರಿಯಲ್ಲಿ ಎಲ್ಲೂ ಹಿಂದಕ್ಕೆ ಹೋಗಲಿಲ್ಲ, ಕಾರಣ ಕವಾಟ. ಎಲ್ಲಾ ಕಣಗಳನ್ನೂ ಕೂಡಿಸಿದರೆ ನಿಮಿಷಕ್ಕೆ ಐದು ಲೀಟರ್ ಹೀಗೆ ಸುತ್ತುತ್ತದೆ.

ಈ ಮೂರು ಪ್ರಶ್ನೆಗೆ ನೋಡದೆ ಉತ್ತರ ಹೇಳಿ. ಟೂರ್ನಿಕೆಟ್ ಕಟ್ಟಿದ ಮೇಲೂ ನಾಡಿ ಯಾಕೆ ಸಿಗಬೇಕು? ಶ್ವಾಸಕೋಶಕ್ಕೆ ಹೋಗುವ ನಾಳವನ್ನು ಅಪಧಮನಿ ಅನ್ನುವುದು ಯಾಕೆ? ಎಡ ಹೃತ್ಕುಕ್ಷಿ ಯಾಕೆ ದಪ್ಪ? ಮೊದಲನೆಯದರಲ್ಲಿ ತಡವರಿಸಿದರೆ ಎರಡನೇ ತಲೆಬರಹ ಇನ್ನೊಮ್ಮೆ ಓದಿ. ಶುಕ್ರವಾರದ ಪಾಠ ರಕ್ತದೊತ್ತಡ. ಅಲ್ಲೂ ತೋಳಿಗೆ ಪಟ್ಟಿ ಕಟ್ಟಿಯೇ ಶುರು ಮಾಡುತ್ತೇವಂತೆ.