ಮೂರನೇ ತರಗತಿಯ ಪೋಷಕರಿಗೆ, ಕಳೆಯುವ ಲೆಕ್ಕದ ಬಗ್ಗೆ

ಉಡುಪಿ
ಸೆಪ್ಟೆಂಬರ್ 12

ಆತ್ಮೀಯ ಪೋಷಕರೇ, ನಮಸ್ಕಾರ.

ಕಿರುಪರೀಕ್ಷೆಯ ಪೇಪರ್ ಮನೆಗೆ ಬಂದ ದಿನ ಸಂಜೆ ನಿಮ್ಮಲ್ಲಿ ನಾಲ್ಕೈದು ಮಂದಿ ಫೋನ್ ಮಾಡಿದಿರಿ. ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಪ್ರಶ್ನೆ. ಟ್ಯೂಷನ್‌ನಲ್ಲಿ ಎರಡು ಸೆಕೆಂಡಿನಲ್ಲಿ ಉತ್ತರ ತೆಗೆಯುವ ಶಾರ್ಟ್‌ಕಟ್ ಹೇಳಿಕೊಡುತ್ತಾರೆ, ಶಾಲೆಯಲ್ಲಿ ಮಾತ್ರ ಯಾಕೆ ಇನ್ನೂ ಒಂದರ ಕೆಳಗೊಂದು ಬರೆಸಿ, ಅಂಕಿ ಹೊಡೆದು, ತಲೆಯ ಮೇಲೆ ಸಣ್ಣದಾಗಿ ಇನ್ನೊಂದು ಅಂಕಿ ಬರೆಸುತ್ತೀರಿ? ಒಲೆಯ ಮೇಲೆ ಅನ್ನ ಇಟ್ಟುಕೊಂಡು ಅರ್ಧಂಬರ್ಧ ಉತ್ತರ ಕೊಟ್ಟೆ. ಉಳಿದರ್ಧ ಈ ಪತ್ರದಲ್ಲಿದೆ.

ಪೇಪರಿನಲ್ಲಿದ್ದ ಐದನೇ ಲೆಕ್ಕ ನೋಡಿ: 304 − 178. ಒಂಬತ್ತು ಮಕ್ಕಳು 274 ಎಂದು ಬರೆದಿದ್ದಾರೆ. ಅಜಾಗರೂಕತೆ ಎಂದು ಬೈಯಬೇಡಿ. 4ರಲ್ಲಿ 8 ಹೋಗುವುದಿಲ್ಲ, ಹಾಗಾಗಿ 8ರಲ್ಲಿ 4 ಕಳೆದರು. 0ಯಲ್ಲಿ 7 ಹೋಗುವುದಿಲ್ಲ, ಹಾಗಾಗಿ 7ನ್ನೇ ಇಳಿಸಿದರು. ಯಾವುದು ದೊಡ್ಡದೋ ಅದರಿಂದ ಸಣ್ಣದನ್ನು ಕಳೆಯುವುದು ಅವರೇ ಮಾಡಿಕೊಂಡ ನಿಯಮ, ಅದನ್ನು ನಿಯತ್ತಾಗಿ ಪಾಲಿಸಿದ್ದಾರೆ. 304 ಅವರಿಗೆ ಇನ್ನೂ ಒಂದು ಸಂಖ್ಯೆಯಾಗಿ ಕಾಣುತ್ತಿಲ್ಲ. ಪಕ್ಕಪಕ್ಕ ಕೂತ ಮೂರು ಅಂಕಿಗಳಾಗಿ ಕಾಣುತ್ತಿದೆ. ಅಲ್ಲಿಗೆ ಶಾರ್ಟ್‌ಕಟ್ ಸೇರಿಸಿದರೆ ತಪ್ಪು ಉತ್ತರ ಇನ್ನೂ ಬೇಗ ಬರುತ್ತದೆ, ಅಷ್ಟೇ.

ಅದಕ್ಕೇ ತರಗತಿಯಲ್ಲಿ ಹಿಡಿಸೂಡಿ ಕಡ್ಡಿ ಇಟ್ಟುಕೊಂಡಿದ್ದೇವೆ. ಹತ್ತು ಕಡ್ಡಿಗೆ ಒಂದು ರಬ್ಬರ್ ಬ್ಯಾಂಡ್, ಒಂದು ಕಟ್ಟು. 52 ಎಂದರೆ ಐದು ಕಟ್ಟು, ಎರಡು ಬಿಡಿ ಕಡ್ಡಿ. "27 ಕಡ್ಡಿ ನನಗೆ ಕೊಡು" ಎಂದು ಕೈ ಚಾಚುತ್ತೇನೆ. ಏಳು ಬಿಡಿ ಬೇಕು, ಇರುವುದು ಎರಡೇ. ಮಗು ಒಂದು ಕ್ಷಣ ನನ್ನ ಮುಖ ನೋಡುತ್ತದೆ. ಆಮೇಲೆ ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚುತ್ತದೆ. ಈಗ ನಾಲ್ಕು ಕಟ್ಟು, ಹನ್ನೆರಡು ಬಿಡಿ. ಕಡ್ಡಿ ಒಂದೂ ಹೆಚ್ಚಾಗಲಿಲ್ಲ, ಕಮ್ಮಿಯೂ ಆಗಲಿಲ್ಲ. ಪುಸ್ತಕದಲ್ಲಿ 5ನ್ನು ಹೊಡೆದು 4 ಬರೆಯುವುದು, 2ರ ಜಾಗದಲ್ಲಿ 12 ಬರೆಯುವುದು ಎಂದರೆ ಆ ರಬ್ಬರ್ ಬ್ಯಾಂಡ್ ಬಿಚ್ಚಿದ್ದರ ಗುರುತು. ನಿಮಗೆ ಗೀಚಿದ ಹಾಗೆ ಕಾಣಬಹುದು. ನನಗೆ ಪೇಪರಿನಲ್ಲಿ ಮೊದಲು ಕಣ್ಣಿಗೆ ಬೀಳುವುದೇ ಅದು.

ನಾವೆಲ್ಲ ಇದನ್ನು 'ಸಾಲ ತೆಗೆಯುವುದು' ಎಂದು ಕಲಿತವರು. ಹೋದ ತಿಂಗಳು ಒಬ್ಬ ಹುಡುಗ ಎದ್ದು ನಿಂತು ಕೇಳಿದ, "ಟೀಚರ್, ಆ ಸಾಲ ವಾಪಸ್ ಕೊಡ್ಲಿಕ್ಕೆ ಇಲ್ವಾ?" ನ್ಯಾಯವಾದ ಪ್ರಶ್ನೆ ಅಲ್ವಾ! ಅಂದಿನಿಂದ ತರಗತಿಯಲ್ಲಿ ಸಾಲ ಎನ್ನುವುದನ್ನು ಬಿಟ್ಟಿದ್ದೇವೆ. 'ಚಿಲ್ಲರೆ ಮಾಡುವುದು' ಎನ್ನುತ್ತೇವೆ. ನೂರರ ನೋಟು ಕೊಟ್ಟರೆ ಹತ್ತರ ಹತ್ತು ನೋಟು, ಹತ್ತರ ನೋಟು ಕೊಟ್ಟರೆ ಹತ್ತು ನಾಣ್ಯ. 304ರಲ್ಲಿ ಮಕ್ಕಳು ಎಡವುವ ಸೊನ್ನೆಯೂ ಹೀಗೆ ಹೇಳಿದರೆ ಸಲೀಸು. ಹತ್ತರ ನೋಟು ಒಂದೂ ಇಲ್ಲ, ಹಾಗಾಗಿ ಮೊದಲು ಒಂದು ನೂರನ್ನು ಚಿಲ್ಲರೆ ಮಾಡಬೇಕು. ನೂರು ಎರಡು, ಹತ್ತು ಹತ್ತು. ಆ ಹತ್ತರಲ್ಲಿ ಒಂದನ್ನು ಮತ್ತೆ ಚಿಲ್ಲರೆ ಮಾಡಿದರೆ ನೂರು ಎರಡು, ಹತ್ತು ಒಂಬತ್ತು, ಬಿಡಿ ಹದಿನಾಲ್ಕು. ಈಗ 178 ಕೊಡಲು ತೊಂದರೆಯೇ ಇಲ್ಲ. ಉಳಿಯುವುದು 126.

ಶಂಕರಪುರ ಮಲ್ಲಿಗೆ ಕಟ್ಟುವ ಮನೆಯವರು ನಮ್ಮ ತರಗತಿಯಲ್ಲಿ ಇಬ್ಬರಿದ್ದೀರಿ. ನಿಮಗೆ ಇದು ಹೊಸತೇನಲ್ಲ. ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮೂರು ಅಟ್ಟೆ, ಒಂದು ಚೆಂಡು ಉಂಟು, ಅದರಲ್ಲಿ ಒಂದು ಅಟ್ಟೆ ಎರಡು ಚೆಂಡು ಕೊಡಬೇಕು. ಏನು ಮಾಡುತ್ತೀರಿ? ಒಂದು ಅಟ್ಟೆ ಬಿಚ್ಚುತ್ತೀರಿ. ಎರಡು ಅಟ್ಟೆ, ಐದು ಚೆಂಡು ಆಗುತ್ತದೆ. ಕೊಟ್ಟ ಮೇಲೆ ಒಂದು ಅಟ್ಟೆ ಮೂರು ಚೆಂಡು ಉಳಿಯುತ್ತದೆ. ಇಲ್ಲಿ ಹತ್ತಿನ ಬದಲು ನಾಲ್ಕು, ಉಳಿದದ್ದೆಲ್ಲ ಅದೇ ಲೆಕ್ಕ. ಬಿಚ್ಚುವುದು ಯಾಕೆಂದು ಗೊತ್ತಿದ್ದವರಿಗೆ ಹತ್ತಾದರೇನು, ನಾಲ್ಕಾದರೇನು.

ಇನ್ನು ಶಾರ್ಟ್‌ಕಟ್ ವಿಷಯ. 402 − 198 ಎಂಬ ಲೆಕ್ಕವನ್ನು ಒಬ್ಬಳು ಹುಡುಗಿ ಮನಸ್ಸಿನಲ್ಲೇ ಮಾಡಿ 200 ಎಂದು ಬರೆದಿದ್ದಳು. ಹೇಗೆ ಬಂತು ಎಂದು ಕೇಳಿದೆ. 198ಕ್ಕೆ 2 ಸೇರಿಸಿ 200 ಮಾಡಿದಳಂತೆ. 402ರಲ್ಲಿ 200 ಹೋಗಿ 202. "ಎರಡು ಜಾಸ್ತಿ ಸೇರಿಸಿದ್ದೆ, ಅದನ್ನು ತೆಗೆದೆ" ಎಂದಳು. ಉಪಾಯ ಚೆಂದದ್ದೇ, ಕೊನೆಯ ಹೆಜ್ಜೆ ಮಾತ್ರ ಉಲ್ಟಾ. 198 ಕೊಡುವ ಕಡೆ 200 ಕೊಟ್ಟರೆ ನಮಗೆ 2 ವಾಪಸ್ ಬರಬೇಕಲ್ಲ? ಉತ್ತರ 204. ನಾನು ತಪ್ಪು ಎಂದು ಹೇಳಲಿಲ್ಲ. ಅದೇ ಲೆಕ್ಕವನ್ನು ಒಂದರ ಕೆಳಗೊಂದು ಬರೆದು ಮಾಡು ಎಂದೆ. 12ರಲ್ಲಿ 8 ಹೋಗಿ 4, 9ರಲ್ಲಿ 9 ಹೋಗಿ 0, 3ರಲ್ಲಿ 1 ಹೋಗಿ 2. ಎರಡು ಉತ್ತರಗಳನ್ನೂ ಸ್ವಲ್ಪ ಹೊತ್ತು ನೋಡಿದಳು. "ಓ, ಅವರು ನನಗೆ ಕೊಡ್ಬೇಕು" ಎಂದಳು. ನಿಧಾನದ ದಾರಿ ಗೊತ್ತಿದ್ದ ಕಾರಣ ತನ್ನ ತಪ್ಪನ್ನು ತಾನೇ ಹಿಡಿದಳು.

ಇನ್ನೊಂದು ಉಪಾಯ ಈಗ ಬಹಳ ಓಡುತ್ತಿದೆ. 1000 − 357 ಇದ್ದರೆ ಎರಡರಲ್ಲೂ ಒಂದೊಂದು ಕಮ್ಮಿ ಮಾಡಿ 999 − 356 ಮಾಡುವುದು. ಚಿಲ್ಲರೆ ಮಾಡುವ ಗೋಜೇ ಇಲ್ಲದೆ 643 ಬರುತ್ತದೆ. ನನಗೂ ಇಷ್ಟ. ಆದರೆ ಅದನ್ನೇ ಕಲಿತ ಮಗು 725 − 348 ಕಂಡ ಕೂಡಲೇ 724 − 347 ಎಂದು ಬರೆದು ಸುಮ್ನೆ ಕೂತಿತ್ತು. ಅಲ್ಲಿ ಒಂದು ಕಮ್ಮಿ ಮಾಡಿ ಏನೂ ಸಿಗುವುದಿಲ್ಲ. ಬಸ್ಸಿನ ಕಂಡಕ್ಟರ್ 32 ರೂಪಾಯಿ ಟಿಕೆಟಿಗೆ 50 ಕೊಟ್ಟರೆ ಕಳೆಯುತ್ತಾ ಕೂರುವುದಿಲ್ಲ. ಮೂವತ್ತೆರಡರಿಂದ ನಲವತ್ತಕ್ಕೆ ಎಂಟು, ಮತ್ತೆ ಹತ್ತು ಎಂದು ಕೈಗಿಡುತ್ತಾರೆ. ಯಾವ ಸಂಖ್ಯೆಗೆ ಯಾವ ಉಪಾಯ ಎಂದು ಆರಿಸಲು ಮೊದಲು ಸಂಖ್ಯೆಯ ಒಳಗೆ ಏನಿದೆ ಎಂದು ಕಾಣಬೇಕು. ನಾವು ಈಗ ಮಾಡಿಸುತ್ತಿರುವುದು ಅದನ್ನೇ. ದಸರಾ ರಜೆ ಕಳೆದ ಮೇಲೆ ಈ ಉಪಾಯಗಳನ್ನೆಲ್ಲ ತರಗತಿಯಲ್ಲೂ ಮಾಡುತ್ತೇವೆ.

ಒಬ್ಬರು ಅಜ್ಜ ಮೊಮ್ಮಗಳಿಗೆ ಬೇರೆಯೇ ಕ್ರಮ ಹೇಳಿಕೊಟ್ಟಿದ್ದಾರೆ. ಮೇಲಿನ ಅಂಕಿ ಮುಟ್ಟದೆ ಕೆಳಗಿನದಕ್ಕೆ ಒಂದು ಸೇರಿಸುವುದು. 52 − 27ರಲ್ಲಿ 12ರಿಂದ 7 ಕಳೆದು 5, ಆಮೇಲೆ 2ನ್ನು 3 ಮಾಡಿ 5ರಿಂದ ಕಳೆದು 2. ಉತ್ತರ 25, ಸರಿಯೇ ಇದೆ. ಅಲ್ಲಿ ಸಾಲ ನಿಜಕ್ಕೂ ವಾಪಸ್ ಕೊಡುತ್ತಾರೆ! ಅಜ್ಜನ ಕ್ರಮ ತಪ್ಪಲ್ಲ. ಆದರೆ ಈ ಎರಡು ತಿಂಗಳು ಎರಡೂ ಕಲಸಿ ಹೋಗದಿರಲಿ, ದಯವಿಟ್ಟು.

ಮನೆಯಲ್ಲಿ ದಿನಕ್ಕೆ ಮೂರು ಲೆಕ್ಕ ಸಾಕು, ಮೂವತ್ತು ಬೇಡ. ಚೌಕದ ಗೆರೆ ಇರುವ ಪುಸ್ತಕದಲ್ಲಿ ಬರೆಸಿ, ಬಿಡಿಯ ಕೆಳಗೆ ಬಿಡಿ, ಹತ್ತರ ಕೆಳಗೆ ಹತ್ತು ಬರಲಿ. ಉತ್ತರ ಸರಿಯಿದ್ದರೂ ಒಮ್ಮೆ "ಈ ಒಂದು ಎಲ್ಲಿಂದ ಬಂತು?" ಎಂದು ಕೇಳಿ. ಉತ್ತರ ತಪ್ಪಿದರೆ, ಬಂದ ಉತ್ತರಕ್ಕೆ ಕಳೆದ ಸಂಖ್ಯೆ ಕೂಡಿಸಿ ನೋಡಲು ಹೇಳಿ. 274ಕ್ಕೆ 178 ಕೂಡಿಸಿದರೆ 452. ಇದ್ದದ್ದು 304 ಮಾತ್ರ ಎಂದು ಅವರಿಗೇ ಗೊತ್ತಾಗುತ್ತದೆ.

ಬರುವ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ನಾನು ತರಗತಿಯಲ್ಲೇ ಇರುತ್ತೇನೆ. ಬಂದರೆ ನಿಮಗೂ ಕಡ್ಡಿ ಕೊಟ್ಟು ಕೂರಿಸುತ್ತೇನೆ. ಹಳೆಯ ಹಿಡಿಸೂಡಿ ಇದ್ದರೆ ಬೆರಳುದ್ದಕ್ಕೆ ಕತ್ತರಿಸಿದ ಐವತ್ತು ಕಡ್ಡಿ ಮಗುವಿನ ಕೈಯಲ್ಲಿ ಕಳಿಸಿ. ನಮ್ಮದು ಅರ್ಧಕ್ಕರ್ಧ ಮುರಿದಿದೆ. ರಬ್ಬರ್ ಬ್ಯಾಂಡ್ ಬೇಡ, ಅದು ಬೇಕಾದಷ್ಟಿದೆ.

ಇತಿ,
ನಿಮ್ಮ ಮಕ್ಕಳ ಗಣಿತ ಟೀಚರ್